ದಿನದ ಕೊನೆಯ ಸ್ಟೇಟಸ್ ಅಪ್‌ಡೇಟ್: ಆಳಿನ ಲೆಕ್ಕವೋ, ಟಿಕೆಟ್ ಲೆಕ್ಕವೋ, ಕೆಲಸದ ಲೆಕ್ಕವೋ?

ಸಾಫ್ಟ್‌ವೇರ್ ಟೀಮ್ ನಡೆಸುವವರು ಸಂಜೆ ಮ್ಯಾನೇಜರ್‌ಗೆ ಕಳಿಸುವ ಅಪ್‌ಡೇಟ್ ಸಾಮಾನ್ಯವಾಗಿ ಮೂರು ಬಗೆಯಲ್ಲಿ ಇರುತ್ತದೆ. ಯಾರು ಏನು ಮಾಡಿದರು ಅಂತ ಹೆಸರು ಹಿಡಿದು ಬರೆಯುವುದು ಒಂದು. ಯಾವ ಟಿಕೆಟ್ ಎಲ್ಲಿದೆ ಅಂತ ಬೋರ್ಡ್ ನೋಡಿ ಬರೆಯುವುದು ಇನ್ನೊಂದು. ಮುಗಿದದ್ದು, ನಿಂತದ್ದು, ನಾಳೆಯದು ಅಂತ ಕೆಲಸ ಹಿಡಿದು ಬರೆಯುವುದು ಮೂರನೆಯದು. ನಾನು ಮೂರನ್ನೂ ಬರೆದಿದ್ದೇನೆ. ಈಗ ಬೇರೆ ಲೀಡ್‌ಗಳು ಕಳಿಸುವುದನ್ನು ಓದುವ ಜಾಗದಲ್ಲೂ ಇದ್ದೇನೆ. ಯಾವುದನ್ನು ಯಾವಾಗ ಹಿಡಿಯಬೇಕು ಅನ್ನುವುದಕ್ಕೆ ನನ್ನ ಅಳತೆ ಒಂದೇ. ಓದಿದ ಮೇಲೆ ಮ್ಯಾನೇಜರ್ ಏನು ಮಾಡಬೇಕು ಅನ್ನುವುದು ಅವರಿಗೆ ಗೊತ್ತಾಗುತ್ತದೆಯೇ?

ಒಂದೇ ದಿನವನ್ನು ಮೂರು ರೀತಿಯಲ್ಲಿ ಬರೆದು ನೋಡೋಣ. ಆಫೀಸಿನಲ್ಲಿ ಇದನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡುತ್ತೇವೆ, ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

ಆ ದಿನ ನಡೆದದ್ದು

ಮನೆಗೆ ದಿನಸಿ ತಲುಪಿಸುವ ಒಂದು ಆ್ಯಪ್ ಅಂದುಕೊಳ್ಳಿ. ಗ್ರಾಹಕರು ಆರ್ಡರ್ ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಹೋಗಬೇಕು. ಆ ರಿಫಂಡ್ ಭಾಗವನ್ನು ನಾಲ್ಕು ಜನರ ಟೀಮ್ ಕಟ್ಟುತ್ತಿದೆ: ಬ್ಯಾಕೆಂಡ್‌ಗೆ ಇಬ್ಬರು, ಸ್ಕ್ರೀನ್ ಮಾಡುವವರು ಒಬ್ಬರು, ಟೆಸ್ಟಿಂಗ್‌ಗೆ ಒಬ್ಬರು. ಇವತ್ತು ಮಂಗಳವಾರ. ಗುರುವಾರ ರಾತ್ರಿ ರಿಲೀಸ್.

ಬೆಳಗ್ಗೆ ಟೆಸ್ಟಿಂಗ್‌ನವರು ಒಂದು ತಪ್ಪು ಹಿಡಿದರು. 650 ರೂಪಾಯಿಯ ಆರ್ಡರ್‌ನಲ್ಲಿ 150 ರೂಪಾಯಿಯ ಒಂದು ಸಾಮಾನು ಮಾತ್ರ ಕ್ಯಾನ್ಸಲ್ ಮಾಡಿದರೆ 190 ರೂಪಾಯಿ ವಾಪಸ್ ಹೋಗುತ್ತಿತ್ತು. ಡೆಲಿವರಿ ಚಾರ್ಜಿನ 40 ರೂಪಾಯಿಯೂ ಅದರ ಜೊತೆ ಸೇರುತ್ತಿತ್ತು. ಬ್ಯಾಕೆಂಡ್‌ನವರು ಸರಿ ಮಾಡಿ ಸಂಜೆ 4:10ಕ್ಕೆ ಕೋಡ್ ಮರ್ಜ್ ಮಾಡಿದರು. ಮತ್ತೆ ಟೆಸ್ಟ್ ಮಾಡುವಷ್ಟು ಹೊತ್ತು ಉಳಿಯಲಿಲ್ಲ. ರಿಫಂಡ್ ಎಲ್ಲಿಗೆ ಬಂತು ಅಂತ ತೋರಿಸುವ ಸ್ಕ್ರೀನ್ ಮುಗಿಯಿತು, ಟೆಸ್ಟ್ ಕೂಡ ಆಯಿತು.

ಒಂದು ಕೆಲಸ ಮಾತ್ರ ನಿಂತಿದೆ. ದುಡ್ಡು ವಾಪಸ್ ಹೋದ ಮೇಲೆ ಪೇಮೆಂಟ್ ಗೇಟ್‌ವೇ ನಮ್ಮ ಸರ್ವರ್‌ಗೆ ಒಂದು ಸುದ್ದಿ ಕಳಿಸುತ್ತದೆ. ಅದನ್ನು ವೆಬ್‌ಹುಕ್ ಅನ್ನುತ್ತೇವೆ. ಅದು ನಮ್ಮ ಟೆಸ್ಟ್ ಸರ್ವರ್ ತಲುಪುತ್ತಿಲ್ಲ. ಗೇಟ್‌ವೇಯ ಐಪಿ ವಿಳಾಸಗಳನ್ನು ಫೈರ್‌ವಾಲ್‌ನಲ್ಲಿ ಬಿಡಿ ಅಂತ ಸೋಮವಾರ ಬೆಳಗ್ಗೆ ನೆಟ್‌ವರ್ಕ್ ಟೀಮ್‌ಗೆ ರಿಕ್ವೆಸ್ಟ್ ಹಾಕಿದ್ದೇವೆ. ಉತ್ತರ ಬಂದಿಲ್ಲ. ಒಟ್ಟು 18 ಟೆಸ್ಟ್ ಕೇಸ್‌ಗಳಲ್ಲಿ 11 ಪಾಸ್, 2 ಫೇಲ್. ಆ ಎರಡೂ 40 ರೂಪಾಯಿಯ ತಪ್ಪಿನವು. ಉಳಿದ 5 ಕೇಸ್ ವೆಬ್‌ಹುಕ್ ಬರದೆ ಶುರುವೇ ಆಗುವುದಿಲ್ಲ.

ದಿನ ಇಷ್ಟೇ. ಇದನ್ನು ಹೇಗೆ ಬರೆಯುವುದು?

ಹೆಸರು ಹಿಡಿದು ಬರೆದರೆ

> ಬ್ಯಾಕೆಂಡ್ 1: ರಿಫಂಡ್ ಲೆಕ್ಕದ ತಪ್ಪು ಸರಿ ಮಾಡಿದರು.
> ಬ್ಯಾಕೆಂಡ್ 2: ವೆಬ್‌ಹುಕ್ ಕೋಡ್ ಮುಗಿಸಿದರು, ನೆಟ್‌ವರ್ಕ್ ಟೀಮ್ ಜೊತೆ ಫಾಲೋ ಅಪ್.
> ಸ್ಕ್ರೀನ್: ಸ್ಟೇಟಸ್ ಪೇಜ್ ಮುಗಿಯಿತು. ನಾಳೆ ಅರ್ಧ ದಿನ ರಜೆ.
> ಟೆಸ್ಟಿಂಗ್: 13 ಕೇಸ್ ಮುಗಿದವು, 5 ಪೆಂಡಿಂಗ್.

ಓದುವುದಕ್ಕೆ ಚೆನ್ನಾಗಿದೆ. ಯಾರೂ ಸುಮ್ನೆ ಕೂತಿಲ್ಲ ಅಂತ ಗೊತ್ತಾಗುತ್ತದೆ. ನಾಳೆಯ ರಜೆಯೂ ಕಾಣುತ್ತದೆ. ಆದರೆ ಗುರುವಾರದ ರಿಲೀಸ್ ಅಪಾಯದಲ್ಲಿದೆ ಅನ್ನುವುದು ಎಲ್ಲಾದರೂ ಕಾಣುತ್ತದೆಯೇ? ಫೈರ್‌ವಾಲ್‌ನ ಒಂದೇ ತೊಂದರೆ ಇಲ್ಲಿ ಎರಡು ಸಾಲಿಗೆ ಹಂಚಿಹೋಗಿದೆ. ಒಂದರಲ್ಲಿ ಅದು "ಫಾಲೋ ಅಪ್", ಇನ್ನೊಂದರಲ್ಲಿ "5 ಪೆಂಡಿಂಗ್". ಎರಡಕ್ಕೂ ಸಂಬಂಧ ಇದೆ ಅಂತ ಮ್ಯಾನೇಜರ್ ಊಹಿಸಬೇಕು. ನೆಟ್‌ವರ್ಕ್ ಟೀಮ್‌ನವರು ನಮ್ಮ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ನಿಜವಾಗಿ ನಿಂತ ಕೆಲಸಕ್ಕೆ ಇಲ್ಲಿ ಸಾಲೇ ಇಲ್ಲ.

"13 ಕೇಸ್ ಮುಗಿದವು" ಅನ್ನುವುದರೊಳಗೆ 2 ಫೇಲ್ ಕೂತಿದೆ, ಅದನ್ನೂ ಗಮನಿಸಿ. ಯಾರೂ ಸುಳ್ಳು ಹೇಳಿಲ್ಲ. ತನ್ನ ಹೆಸರಿನ ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದಾಗ ಎಲ್ಲರೂ ತಮ್ಮ ದಿನ ತುಂಬಿದ ಹಾಗೆ ಕಾಣುವಂತೆ ಹೇಳುತ್ತಾರೆ, ಅಷ್ಟೇ. ಕೆಲವು ವಾರ ಹೀಗೆ ನಡೆದರೆ ಅಪ್‌ಡೇಟ್ ಹಾಜರಿ ಪುಸ್ತಕ ಆಗಿಬಿಡುತ್ತದೆ.

ಆದರೂ ಇದು ಬೇಕಾಗುವ ಜಾಗ ಇದೆ. ಗಂಟೆ ಲೆಕ್ಕದಲ್ಲಿ ಕ್ಲೈಂಟ್‌ಗೆ ಬಿಲ್ ಹೋಗುವ ಪ್ರಾಜೆಕ್ಟ್‌ಗಳಲ್ಲಿ ಯಾರು ಯಾವುದರ ಮೇಲೆ ಕೂತಿದ್ದರು ಅನ್ನುವುದು ಬೇಕೇ ಬೇಕು. ಅದನ್ನು ಟೈಮ್‌ಶೀಟ್‌ನಲ್ಲಿ ಇಡಿ. ಇನ್ನೊಂದು, ಟೀಮ್‌ಗೆ ಹೊಸಬರು ಸೇರಿದ್ದು ಅವರ ಬಗ್ಗೆ ಮ್ಯಾನೇಜರ್ ಕೇಳಿದ್ದರೆ. ಅದಕ್ಕೂ ವಾರಕ್ಕೊಮ್ಮೆ ಎದುರು ಕೂತು ಮಾತಾಡುವುದೇ ಒಳ್ಳೆಯದು.

ಟಿಕೆಟ್ ಹಿಡಿದು ಬರೆದರೆ

> RF-41 ಭಾಗಶಃ ರಿಫಂಡ್ ಲೆಕ್ಕ: `Done`
> RF-44 ಸ್ಟೇಟಸ್ ಪೇಜ್: `Done`
> RF-46 ವೆಬ್‌ಹುಕ್: `In Progress`
> RF-47 ಟೆಸ್ಟಿಂಗ್: `In Progress`

ಇದಕ್ಕೆ ಎರಡು ನಿಮಿಷ ಸಾಕು. ಬೋರ್ಡ್ ತೆಗೆದು ಕಾಪಿ ಮಾಡಿದರೆ ಮುಗಿಯಿತು. ತೊಂದರೆಯೂ ಅಲ್ಲೇ ಇದೆ. ಬೋರ್ಡ್ ನೋಡುವುದಿದ್ದರೆ ಮ್ಯಾನೇಜರ್ ತಾವೇ ನೋಡುತ್ತಿದ್ದರಲ್ವಾ? ನಡುವೆ ಲೀಡ್ ಇರುವುದು ಬೋರ್ಡ್ ಹೇಳದ್ದನ್ನು ಹೇಳುವುದಕ್ಕೆ.

RF-41 ನೋಡಿ. ಕೋಡ್ ಮರ್ಜ್ ಆದ ಕೂಡಲೇ ಬ್ಯಾಕೆಂಡ್‌ನವರು ಟಿಕೆಟ್ಟನ್ನು `Done`ಗೆ ಎಳೆದಿದ್ದಾರೆ. RF-44 ಕೂಡ `Done`. ಅದು ಟೆಸ್ಟ್ ಆಗಿ ಮುಗಿದದ್ದು. ಎರಡೂ ಒಂದೇ ಥರ ಕಾಣುತ್ತವೆ. ನಾಳೆ ಟೆಸ್ಟಿಂಗ್‌ನವರು RF-41 ಅನ್ನು ಮತ್ತೆ ನೋಡಿ, ತಪ್ಪು ಇನ್ನೂ ಇದೆ ಅಂತ ವಾಪಸ್ ತೆರೆದರೆ, ನಿನ್ನೆ ಮುಗಿದಿತ್ತು, ಇವತ್ತು ಹೇಗೆ ಮುಗಿದಿಲ್ಲ ಅನ್ನುವ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ. `In Progress` ಇನ್ನೂ ಕಷ್ಟ. ಕೈ ಆಡುತ್ತಿರುವ ಕೆಲಸಕ್ಕೂ ಎರಡು ದಿನದಿಂದ ಅಲುಗದೆ ನಿಂತ ಕೆಲಸಕ್ಕೂ ಅದೇ ಹೆಸರು.

ಟಿಕೆಟ್ ಪಟ್ಟಿ ಸರಿಹೋಗುವುದು ಸಪೋರ್ಟ್ ಟೀಮ್‌ಗಳಿಗೆ. ದಿನಕ್ಕೆ ಮೂವತ್ತು, ನಲವತ್ತು ಸಣ್ಣ ದೂರುಗಳು ಬರುತ್ತವೆ, ಒಂದಕ್ಕೊಂದು ಸಂಬಂಧ ಇರುವುದಿಲ್ಲ. ಅಲ್ಲಿ ಎಷ್ಟು ಬಂದವು, ಎಷ್ಟು ಮುಗಿದವು, ಹಳೆಯದು ಎಷ್ಟು ದಿನದ್ದು ಅನ್ನುವುದೇ ಸುದ್ದಿ. ಅಲ್ಲೂ ಪಟ್ಟಿಗಿಂತ ಎಣಿಕೆ ಮೇಲು. ಜೊತೆಗೆ ಎಲ್ಲಕ್ಕಿಂತ ಹಳೆಯ ಎರಡು ಟಿಕೆಟ್‌ಗಳ ಕಥೆ ಒಂದೊಂದು ಸಾಲು ಇದ್ದರೆ ಸಾಕು.

ಕೆಲಸ ಹಿಡಿದು, ನಿಂತದ್ದನ್ನು ಮೇಲಿಟ್ಟು ಬರೆದರೆ

> ಗುರುವಾರದ ರಿಲೀಸ್: ಅಪಾಯದಲ್ಲಿದೆ. ಕಾರಣ ಕೆಳಗಿನ ಒಂದೇ ವಿಷಯ.
>
> ನಿಂತದ್ದು: ಗೇಟ್‌ವೇಯ ವೆಬ್‌ಹುಕ್ ಟೆಸ್ಟ್ ಸರ್ವರ್‌ಗೆ ಬರುತ್ತಿಲ್ಲ. ಐಪಿ ಬಿಡುವ ರಿಕ್ವೆಸ್ಟ್ ಸೋಮವಾರ 10:30ಕ್ಕೆ ಹಾಕಿದ್ದೇವೆ, ಇನ್ನೂ ಯಾರೂ ಎತ್ತಿಕೊಂಡಿಲ್ಲ. ಇವತ್ತು ಎರಡು ಸಲ ಕೇಳಿದೆವು. ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ 11:40ರ ಪ್ರಯತ್ನ ಟೈಮ್‌ಔಟ್ ಆಗಿದೆ, ಅದೇ ಹೊತ್ತಿನ ನಮ್ಮ ಸರ್ವರ್ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಇದರಿಂದ 5 ಟೆಸ್ಟ್ ಕೇಸ್ ನಿಂತಿವೆ.
> ನಿಮ್ಮಿಂದ ಬೇಕಾದದ್ದು: ನಾಳೆ ಮಧ್ಯಾಹ್ನ 12ರೊಳಗೆ ಇದು ಆಗುವಂತೆ ನೆಟ್‌ವರ್ಕ್ ಟೀಮ್‌ನ ಲೀಡ್ ಜೊತೆ ಮಾತಾಡಬೇಕು. 12 ದಾಟಿದರೆ ರಿಲೀಸ್ ಶುಕ್ರವಾರ ಅಥವಾ ಸೋಮವಾರಕ್ಕೆ ಹೋಗುತ್ತದೆ.
>
> ಮುಗಿದದ್ದು: ಸ್ಟೇಟಸ್ ಪೇಜ್ (ಟೆಸ್ಟ್ ಆಗಿದೆ). ಭಾಗಶಃ ರಿಫಂಡ್‌ನ 40 ರೂಪಾಯಿ ತಪ್ಪು (ಮರ್ಜ್ ಆಗಿದೆ, ಟೆಸ್ಟ್ ನಾಳೆ ಬೆಳಗ್ಗೆ). 18ರಲ್ಲಿ 11 ಪಾಸ್, 2 ಫೇಲ್, 5 ನಿಂತಿವೆ.
>
> ನಾಳೆ: 2 ಫೇಲ್ ಕೇಸ್ ಮತ್ತೆ ಟೆಸ್ಟ್. ಫೈರ್‌ವಾಲ್ ತೆರೆದರೆ 5 ಕೇಸ್ ಸಂಜೆಯೊಳಗೆ. ತೆರೆಯದಿದ್ದರೆ ಟೆಸ್ಟಿಂಗ್‌ನವರು ಹಳೆಯ ಕ್ಯಾನ್ಸಲ್ ಫ್ಲೋ ಮತ್ತೊಮ್ಮೆ ನೋಡುತ್ತಾರೆ. ಸ್ಕ್ರೀನ್ ಮಾಡುವವರು ಮಧ್ಯಾಹ್ನದ ನಂತರ ರಜೆ.

ಇದು ಉದ್ದ, ನಿಜ. ಆದರೆ ಮೊದಲ ಸಾಲು ಓದಿ ನಿಲ್ಲಿಸಿದರೂ ಮುಖ್ಯ ಸುದ್ದಿ ತಲುಪಿರುತ್ತದೆ. ಎರಡನೇ ಭಾಗ ಓದಿದ ಮ್ಯಾನೇಜರ್ ಇದನ್ನೇ ನೆಟ್‌ವರ್ಕ್ ಲೀಡ್‌ಗೆ ಫಾರ್ವರ್ಡ್ ಮಾಡಬಹುದು. ನಿಮ್ಮನ್ನು ಮತ್ತೆ ಏನೂ ಕೇಳಬೇಕಾಗಿಲ್ಲ.

ಡ್ಯಾಶ್‌ಬೋರ್ಡ್ ಮತ್ತು ಲಾಗ್‌ನ ಸಾಲು ಯಾಕೆ ಹಾಕಿದೆ ಅಂತ ಹೇಳುತ್ತೇನೆ. ತಪ್ಪು ನಮ್ಮ ಕೋಡ್‌ನಲ್ಲಿದ್ದರೆ ಸುದ್ದಿ ಸರ್ವರ್‌ವರೆಗೆ ಬಂದು, ಲಾಗ್‌ನಲ್ಲಿ ಬಿದ್ದು, 401 ಅಥವಾ 500 ಅಂತ ಏನಾದರೂ ಉತ್ತರ ವಾಪಸ್ ಹೋಗಿರುತ್ತಿತ್ತು. ಉತ್ತರವೇ ಇಲ್ಲದೆ ಟೈಮ್‌ಔಟ್ ಆಗಿ, ಲಾಗ್ ಕೂಡ ಖಾಲಿ ಇದ್ದರೆ ಅದು ದಾರಿಯಲ್ಲೇ ನಿಂತಿದೆ. "ನಿಮ್ಮ ಕಡೆ ಸರಿ ಇದೆಯಾ ಒಮ್ಮೆ ನೋಡಿ" ಅಂತ ನೆಟ್‌ವರ್ಕ್ ಟೀಮ್ ವಾಪಸ್ ಕಳಿಸಿದರೆ ಅರ್ಧ ದಿನ ಹೋಗುತ್ತದೆ. ಆ ಒಂದು ಸಾಲು ಅದನ್ನು ಮೊದಲೇ ತಡೆಯುತ್ತದೆ.

ನಿಂತದ್ದು ಅಂದರೆ ಯಾವುದು

ಮೂರೂ ಬಗೆಗಳಲ್ಲಿ ಕೆಡುವುದು ಹೆಚ್ಚಾಗಿ ಈ ಭಾಗವೇ. ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಲೀಡ್ ಆದ ಮೊದಲ ವರ್ಷ ನಾನು ನಾಲ್ಕು ದಿನ ಸತತವಾಗಿ ಒಂದೇ ಸಾಲು ಕಳಿಸಿದ್ದೆ: "ಫೈರ್‌ವಾಲ್ ರಿಕ್ವೆಸ್ಟ್ ಪೆಂಡಿಂಗ್." ಐದನೇ ದಿನ ರಿಲೀಸ್ ಮುಂದಕ್ಕೆ ಹೋಯಿತು. ಮ್ಯಾನೇಜರ್ ಕೇಳಿದರು, ನನಗೆ ಮೊದಲೇ ಯಾಕೆ ಹೇಳಲಿಲ್ಲ ಅಂತ. ನಾಲ್ಕು ದಿನ ಹೇಳಿದ್ದೆನಲ್ಲ ಅಂತ ನನಗೆ ತುಂಬ ನೋವಾಯಿತು. ಆಮೇಲೆ ಆ ನಾಲ್ಕು ಮೆಸೇಜ್‌ಗಳನ್ನು ಅವರ ಜಾಗದಲ್ಲಿ ಕೂತು ಓದಿದೆ. ಯಾರ ಹತ್ತಿರ ನಿಂತಿದೆ ಅಂತ ಬರೆದಿರಲಿಲ್ಲ. ಯಾವಾಗಿನಿಂದ ಅಂತ ಇರಲಿಲ್ಲ. ಅವರು ಏನಾದರೂ ಮಾಡಬೇಕು ಅಂತಲೂ ಇರಲಿಲ್ಲ. ಒಂದೇ ಸಾಲು ದಿನವೂ ಬಂದರೆ ಕಣ್ಣು ಅದನ್ನು ದಾಟಿ ಹೋಗುತ್ತದೆ. ಅವರು ಬೇಕಂತಲೇ ಬಿಟ್ಟದ್ದಲ್ಲ.

ಅಲ್ಲಿಂದ ನಾನು ಎರಡು ವಿಷಯ ಪಾಲಿಸುತ್ತೇನೆ. ಹೊರಗಿನ ಯಾರೋ ಏನೋ ಮಾಡದೆ ನಮ್ಮ ಕೆಲಸ ಮುಂದೆ ಹೋಗುವುದೇ ಇಲ್ಲ ಅನ್ನುವಂಥದ್ದನ್ನು ಮಾತ್ರ "ನಿಂತದ್ದು" ಅನ್ನುತ್ತೇನೆ. ಕಷ್ಟವಾದದ್ದು, ನಿಧಾನವಾದದ್ದು, ಅಂದಾಜು ತಪ್ಪಿದ್ದು ನಿಂತದ್ದಲ್ಲ, ತಡವಾದದ್ದು. ಅದನ್ನು "ಮುಗಿದದ್ದು" ಕೆಳಗೆ "ಇನ್ನೂ ಒಂದು ದಿನ ಬೇಕು" ಅಂತ ನೇರವಾಗಿ ಬರೆಯುತ್ತೇನೆ. ಎರಡನ್ನೂ ಸೇರಿಸಿದರೆ ನಿಂತದ್ದರ ಪಟ್ಟಿ ಆರು ಸಾಲಾಗುತ್ತದೆ. ಆರು ಸಾಲಿನಲ್ಲಿ ತಾನು ಯಾವುದಕ್ಕೆ ಫೋನ್ ಎತ್ತಬೇಕು ಅಂತ ಮ್ಯಾನೇಜರ್‌ಗೆ ಹೇಗೆ ಗೊತ್ತಾಗಬೇಕು?

ಎರಡನೆಯದು, ನಿಂತ ಕೆಲಸಕ್ಕೆ ದಿನದ ಎಣಿಕೆ ಹಾಕುತ್ತೇನೆ. "ಎರಡನೇ ದಿನ", "ಮೂರನೇ ದಿನ". ಸಾಲು ಅದೇ ಇದ್ದರೂ ಅಂಕಿ ಬದಲಾಗುತ್ತದೆ, ಕಣ್ಣಿಗೆ ಬೀಳುತ್ತದೆ. ಮೂರನೇ ದಿನ ಬಂತು ಅಂದರೆ ಮೆಸೇಜ್‌ಗೆ ಕಾಯುವುದಿಲ್ಲ, ಬೆಳಗ್ಗೆಯೇ ಫೋನ್ ಮಾಡುತ್ತೇನೆ.

ರಿಲೀಸ್ ತಾರೀಖು ಅಲ್ಲಾಡುವ ಸುದ್ದಿ ಮೊದಲ ಸಲ ಸಂಜೆಯ ಅಪ್‌ಡೇಟ್‌ನಲ್ಲಿ ಬರಬಾರದು. ಮಧ್ಯಾಹ್ನ ಗೊತ್ತಾದರೆ ಮಧ್ಯಾಹ್ನವೇ ಹೇಳಿ. ಸಂಜೆಯದು ಅದರ ದಾಖಲೆ.

ಮುಗಿದದ್ದು ಮತ್ತು ನಾಳೆಯದು

"ಆಲ್‌ಮೋಸ್ಟ್ ಮುಗಿದಿದೆ", "90 ಪರ್ಸೆಂಟ್ ಆಗಿದೆ" ಅನ್ನುವುದನ್ನು ಎಲ್ಲೂ ಬರೆಯಬೇಡಿ. ಉಳಿದ ಹತ್ತು ಪರ್ಸೆಂಟ್‌ನಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅದರ ಬದಲು ಕೆಲಸ ಯಾವ ಮೆಟ್ಟಿಲಲ್ಲಿದೆ ಅಂತ ಹೇಳಿ: ಕೋಡ್ ಆಗಿದೆ, ಮರ್ಜ್ ಆಗಿದೆ, ಟೆಸ್ಟ್ ಆಗಿದೆ, ಗ್ರಾಹಕರಿಗೆ ತಲುಪಿದೆ. ನಾಲ್ಕೇ ಮಾತು. ಟೀಮ್‌ನಲ್ಲಿ ಎಲ್ಲರೂ ಅವನ್ನೇ ಬಳಸಿದರೆ ಗೊಂದಲ ಬಹಳ ಕಡಿಮೆಯಾಗುತ್ತದೆ.

ನಾಳೆಯದಕ್ಕೆ ಬಂದರೆ, ನಾಳೆ ಸಂಜೆ ಆಯಿತು ಅಥವಾ ಆಗಲಿಲ್ಲ ಅಂತ ಹೇಳಲು ಬರುವಂಥದ್ದನ್ನು ಮಾತ್ರ ಬರೆಯಿರಿ. "ಟೆಸ್ಟಿಂಗ್ ಮುಂದುವರಿಕೆ" ಅಂತ ಬರೆದರೆ ಅದು ಯಾವತ್ತೂ ತಪ್ಪಾಗುವುದಿಲ್ಲ, ಹಾಗಾಗಿ ಯಾವ ಸುದ್ದಿಯೂ ಅಲ್ಲ. ಇವತ್ತು ಮಾಡುತ್ತೇವೆ ಅಂತ ನಿನ್ನೆ ಬರೆದು ಆಗದೆ ಉಳಿದದ್ದು ಇದ್ದರೆ ಅದನ್ನು ಬಿಡಬೇಡಿ. "ನಿನ್ನೆ ಹೇಳಿದ್ದು, ಆಗಲಿಲ್ಲ, ಕಾರಣ ಇದು" ಅಂತ ಒಂದು ಸಾಲು ಹಾಕಿ. ಸದ್ದಿಲ್ಲದೆ ಪಟ್ಟಿಯಿಂದ ಮಾಯವಾದ ಕೆಲಸ ಮ್ಯಾನೇಜರ್‌ಗೆ ನೆನಪಿರುತ್ತದೆ.

ಬೆಳಗಿನ ಮೂರು ಪ್ರಶ್ನೆಗಳೇ ಸಂಜೆಗೂ ಸಾಕೇ?

ಸ್ಕ್ರಮ್ ಮಾಡುವ ಟೀಮ್‌ಗಳಲ್ಲಿ ಬೆಳಗಿನ ಹದಿನೈದು ನಿಮಿಷದ ಸಭೆಯಲ್ಲಿ ಮೂರು ಪ್ರಶ್ನೆ ಕೇಳುವುದು ರೂಢಿ: ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತೀರಿ, ಏನಾದರೂ ಅಡ್ಡಿ ಇದೆಯಾ. ಎಷ್ಟೋ ಲೀಡ್‌ಗಳು ಆ ಉತ್ತರಗಳನ್ನೇ ಸಂಜೆ ಮೇಲಕ್ಕೆ ಕಳಿಸುತ್ತಾರೆ. ಆದರೆ ಆ ಸಭೆ ಟೀಮ್‌ನವರು ತಮ್ಮತಮ್ಮಲ್ಲಿ ಕೆಲಸ ಹೊಂದಿಸಿಕೊಳ್ಳುವುದಕ್ಕೆ ಇರುವುದು, ಮ್ಯಾನೇಜರ್‌ಗೆ ವರದಿ ಕೊಡುವುದಕ್ಕಲ್ಲ. ಸ್ಕ್ರಮ್ ಗೈಡ್‌ನ 2020ರ ಆವೃತ್ತಿಯಲ್ಲಿ ಆ ಮೂರು ಪ್ರಶ್ನೆಗಳನ್ನು ತೆಗೆದೇಬಿಟ್ಟರು. ಟೀಮ್ ತನಗೆ ಸರಿಕಂಡ ರೀತಿಯಲ್ಲಿ ನಡೆಸಲಿ, ಗಮನ ಗುರಿಯ ಮೇಲಿರಲಿ ಅಂತ. ಸಂಜೆಯ ಅಪ್‌ಡೇಟ್‌ಗೂ ನನಗೆ ಇದೇ ಸರಿ ಅನಿಸುತ್ತದೆ. ಮೇಲಿನ ಸಾಲಿನಲ್ಲಿ ಗುರಿ, ಅಂದರೆ ಗುರುವಾರದ ರಿಲೀಸ್ ಬರಲಿ, ಮಿಕ್ಕದ್ದು ಆಮೇಲೆ.

ನಿಮ್ಮ ಮ್ಯಾನೇಜರ್ ಎಲ್ಲಿ ಕೂತಿದ್ದಾರೆ

ಅದೇ ಫ್ಲೋರ್‌ನಲ್ಲಿದ್ದು ದಿನಕ್ಕೆ ನಾಲ್ಕು ಸಲ ಸಿಗುವವರಿಗೆ ಇಷ್ಟುದ್ದ ಬೇಕಿಲ್ಲ. ಮೊದಲ ಸಾಲು ಮತ್ತು ನಿಂತದ್ದು, ಚಾಟ್‌ನಲ್ಲಿ ಕಳಿಸಿದರೆ ಸಾಕು. ಹಲವು ಟೀಮ್‌ಗಳನ್ನು ನೋಡುವ ಮ್ಯಾನೇಜರ್‌ಗೆ ಮೇಲ್ ಒಳ್ಳೆಯದು. ಸಬ್ಜೆಕ್ಟ್ ಸಾಲಿನಲ್ಲೇ "ರಿಫಂಡ್: ಗುರುವಾರ ಅಪಾಯದಲ್ಲಿ, ನಿಮ್ಮಿಂದ ಒಂದು ಸಹಾಯ ಬೇಕು" ಅಂತ ಇರಲಿ. ಚಾಟ್‌ನಲ್ಲಿ ಕಳಿಸಿದ್ದು ಊಟ, ಹುಟ್ಟುಹಬ್ಬದ ಮೆಸೇಜ್‌ಗಳ ನಡುವೆ ಬೇಗ ಮೇಲಕ್ಕೆ ಸರಿದುಹೋಗುತ್ತದೆ. ಚಾಟೇ ನಿಮ್ಮ ರೂಢಿ ಆಗಿದ್ದರೆ ಅಪ್‌ಡೇಟ್‌ಗೇ ಒಂದು ಬೇರೆ ಚಾನೆಲ್ ಮಾಡಿ.

ಮ್ಯಾನೇಜರ್ ಅಮೆರಿಕದಲ್ಲಿದ್ದರೆ ಮಾತ್ರ ಪೂರ್ತಿ ರೂಪವೇ ಬೇಕು. ಬೆಂಗಳೂರಿನ ಸಂಜೆ 6:30 ಅಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ 9, ಚಳಿಗಾಲದಲ್ಲಿ ಬೆಳಗ್ಗೆ 8. ಅವರ ಗಡಿಯಾರ ಮಾರ್ಚ್‌ನಲ್ಲಿ ಮತ್ತು ನವೆಂಬರ್‌ನಲ್ಲಿ ಒಂದು ಗಂಟೆ ಆಚೀಚೆ ಆಗುತ್ತದೆ, ನಮ್ಮದು ಆಗುವುದಿಲ್ಲ. ನೀವು ಕಳಿಸಿ ಮನೆಗೆ ಹೋಗುತ್ತೀರಿ, ಅವರು ದಿನ ಶುರು ಮಾಡುತ್ತಾರೆ. ಮೆಸೇಜ್‌ನಲ್ಲಿ ಎಲ್ಲ ಇದ್ದರೆ ನೀವು ಬೆಳಗ್ಗೆ ಎದ್ದಾಗ ಕೆಲಸ ಆಗಿರಬಹುದು. ರಿಕ್ವೆಸ್ಟ್ ನಂಬರ್ ಒಂದೇ ಬಿಟ್ಟುಹೋಗಿದ್ದರೂ "ಯಾವ ರಿಕ್ವೆಸ್ಟ್?" ಅಂತ ಅವರು ಕೇಳುವ ಹೊತ್ತಿಗೆ ನೀವು ಟ್ರಾಫಿಕ್‌ನಲ್ಲಿ ಇರುತ್ತೀರಿ. ಒಂದು ಪೂರ್ತಿ ದಿನ ಹೋಗುತ್ತದೆ. ಅಂಥ ಮ್ಯಾನೇಜರ್‌ಗೆ "ನಾಳೆ 12ರೊಳಗೆ" ಅಂತಲೂ ಬರೆಯಬೇಡಿ. ಯಾವ ಊರಿನ 12 ಅಂತ ಸೇರಿಸಿ.

ಬರೆಯುವ ಹೊತ್ತು

ನನಗೆ ಇದಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ. 5:45ಕ್ಕೆ ಶುರು ಮಾಡುತ್ತೇನೆ, ಟೀಮ್‌ನವರು ಇನ್ನೂ ಸೀಟಿನಲ್ಲಿ ಇರುವಾಗ. ಮೊದಲು ನಿನ್ನೆಯ ಮೆಸೇಜ್ ತೆರೆದು "ನಾಳೆ" ಅಂತ ಬರೆದದ್ದನ್ನು ಒಂದೊಂದಾಗಿ ನೋಡುತ್ತೇನೆ. ಆಮೇಲೆ ಬೋರ್ಡ್. ಬೋರ್ಡ್‌ಗೂ ನನಗೆ ಗೊತ್ತಿರುವುದಕ್ಕೂ ಹೊಂದದಿದ್ದರೆ ಅವರ ಹತ್ತಿರ ಹೋಗಿ ಕೇಳುತ್ತೇನೆ. ಆ ಮಂಗಳವಾರ RF-41 ಬಗ್ಗೆ ಕೇಳಬೇಕಿದ್ದ ಪ್ರಶ್ನೆ ಸಣ್ಣದು: "650ರ ಆರ್ಡರ್‌ನಲ್ಲಿ ಈಗ 150 ಬರ್ತಾ ಇದೆಯಾ, ನೀವು ನೋಡಿದ್ರಾ?" "ಕೋಡ್ ಹಾಕಿದ್ದೀನಿ, ಟೆಸ್ಟ್ ಸರ್ವರ್‌ನಲ್ಲಿ ಇನ್ನೂ ನೋಡಿಲ್ಲ" ಅನ್ನುವುದು ಉತ್ತರವಾದರೆ ಟಿಕೆಟ್ ಯಾವ ಕಾಲಂನಲ್ಲೇ ಇರಲಿ, ನನ್ನ ಮೆಸೇಜ್‌ನಲ್ಲಿ ಅದು "ಮರ್ಜ್ ಆಗಿದೆ, ಟೆಸ್ಟ್ ನಾಳೆ" ಅಂತಲೇ ಹೋಗುತ್ತದೆ.